ಅಂಗಡಿ ಲಾಭದ ಲೆಕ್ಕ: ಒಂದು ಸ್ಪಷ್ಟನೆ

"ವರ್ಷದ ಕೊನೆಯ ಬಂಡವಾಳದಲ್ಲಿ ಮೊದಲಿನ ಬಂಡವಾಳ ಕಳೆದರೆ ಅದೇ ಲಾಭ. ಇಷ್ಟೇ ಸಾಕು."

ಗ್ರೂಪುಗಳಲ್ಲಿ ಓಡಾಡುತ್ತಿರುವ ಈ ಸಾಲು ಅರ್ಧ ಮಾತ್ರ ಸರಿ.

ಪೂರ್ತಿ ಲೆಕ್ಕಪುಸ್ತಕ ಬರೆಯದ ಒಂದು ದಿನಸಿ ಅಂಗಡಿ ನೋಡಿ. ವರ್ಷದ ಕೊನೆಗೆ ಸರಕು, ಬರಬೇಕಾದ ಉದ್ರಿ, ನಗದು, ಪೀಠೋಪಕರಣ ಸೇರಿ 3,00,000 ರೂಪಾಯಿ. ಹೋಲ್‌ಸೇಲ್‌ನವರಿಗೆ ಕೊಡಬೇಕಾದ್ದು 60,000. ಹೀಗೆ ಪಟ್ಟಿ ಮಾಡುವುದೇ ಸ್ಟೇಟ್‌ಮೆಂಟ್ ಆಫ್ ಅಫೇರ್ಸ್. ಉಳಿದ 2,40,000 ಬಂಡವಾಳ. ವರ್ಷದ ಆರಂಭದ ಪಟ್ಟಿಯಲ್ಲಿ ಅದು 2,00,000 ಇತ್ತು.

ಹಾಗಾದ್ರೆ ಲಾಭ 40,000 ಅಲ್ವಾ? ಅಲ್ಲ. ಮಾಲೀಕರು ಮನೆಖರ್ಚಿಗೆ ತಿಂಗಳಿಗೆ 8,000ದಂತೆ ಗಲ್ಲಾದಿಂದ ತೆಗೆದಿದ್ದಾರೆ. ಆ 96,000 ಕೂಡಿಸಬೇಕು. ನಡುವೆ ಕೈಯಿಂದ ಹಾಕಿದ 30,000 ದುಡಿಮೆಯಲ್ಲ, ಅದನ್ನು ಕಳೆಯಬೇಕು. ನಿಜವಾದ ಲಾಭ 1,06,000. ಮನೆಗೆ ಒಯ್ದ ಅಕ್ಕಿ, ಎಣ್ಣೆಯನ್ನೂ ಕೊಂಡ ಬೆಲೆಯಲ್ಲಿ ಮನೆಖರ್ಚಿಗೆ ಸೇರಿಸಿ. ಹೆಚ್ಚಿನವರು ಮರೆಯುವುದು ಇದನ್ನೇ.

"ಇಷ್ಟೇ ಸಾಕು" ಅನ್ನುವುದೂ ತಪ್ಪು. ಇದರಿಂದ ಲಾಭದ ಮೊತ್ತ ಸಿಗುತ್ತದೆ, ಮಾರಾಟ ಎಷ್ಟೆಂದು ಗೊತ್ತಾಗುವುದಿಲ್ಲ. ಖರೀದಿ, ಮಾರಾಟ ತೋರಿಸುವ ವ್ಯಾಪಾರ ಖಾತೆ ಬರೆಯಲು ಉದ್ರಿ ಮಾರಾಟವೂ ಬೇಕು. ಉದ್ರಿಯಲ್ಲಿ ವಸೂಲಾದ 2,10,000ಕ್ಕೆ ಕೊನೆಯ ಬಾಕಿ 40,000 ಕೂಡಿಸಿ, ಆರಂಭದ ಬಾಕಿ 25,000 ಕಳೆದರೆ 2,25,000. ಮುಳುಗಿದ ಸಾಲ ಇದ್ದರೆ ಅದನ್ನೂ ಕೂಡಿಸಿ.

ದಯವಿಟ್ಟು ಹಳೆಯ ಮೆಸೇಜ್ ಫಾರ್ವರ್ಡ್ ಮಾಡಬೇಡಿ.