ಎಮ್ಮೆ ಹಾಡಿನ ತೀರ್ಪು

ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಆಸ್ತಿ ವಿಷಯಕ್ಕೆ ಮಾತು ಬೆಳೆದರೆ ಎರಡು ದಿನ ಎಲ್ಲರೂ ಸುಮ್ಮನಿರುತ್ತಾರೆ. ಹಳೇ ಹಾಡಿನ ವಿಷಯಕ್ಕೆ ಬೆಳೆದರೆ ಯಾರೂ ಸುಮ್ಮನಿರುವುದಿಲ್ಲ. ಆಸ್ತಿಗೆ ಕಾಗದಪತ್ರ ಇರುತ್ತದೆ. ಹಾಡಿಗೆ ಇರುವುದು ಅವರವರ ಕಿವಿ, ಅವರವರ ನೆನಪು. ನನ್ನ ಕಿವಿ ಸರಿಯಿಲ್ಲ ಅಂತ ಇನ್ನೊಬ್ಬರು ಹೇಳಿದರೆ ಯಾರು ತಾನೇ ಒಪ್ಪುತ್ತಾರೆ?

ಈ ಸಲ ಸಿಕ್ಕಿಕೊಂಡಿದ್ದು ‘ಯಾರೇ ಕೂಗಾಡಲಿ, ಊರೇ ಹೋರಾಡಲಿ’. ಎಮ್ಮೆ ಮೇಲೆ ಕೂತ ರಾಜ್‌ಕುಮಾರ್, ನಿನಗೆ ಸಾಟಿಯೇ ಇಲ್ಲ ಅಂತ ಎಮ್ಮೆಯನ್ನೇ ಹೊಗಳುವ ಹಾಡು. ಇದನ್ನು ಕೇಳದ ಕನ್ನಡಿಗರು ಕಡಿಮೆ. ಯಾವ ಸಿನಿಮಾದ್ದು ಅಂತ ಥಟ್ಟನೆ ಹೇಳುವವರು ಅದಕ್ಕಿಂತ ಕಡಿಮೆ. ‘ಬಂಗಾರದ ಮನುಷ್ಯ, ಹಾಡಿದ್ದು ಪಿ.ಬಿ. ಶ್ರೀನಿವಾಸ್, ಇದರಲ್ಲಿ ಕೇಳೋದೇನಿದೆ’ ಎಂದರು ದೊಡ್ಡಪ್ಪ. ಚಿಕ್ಕಮ್ಮನ ಮಗ ಒಂದೇ ಸಾಲು ಬರೆದ: ‘ದೊಡ್ಡಪ್ಪ, ಸಿನಿಮಾ ಹೆಸರೇ ಯಾರೇ ಕೂಗಾಡಲಿ, ಅಪ್ಪು ಸರ್‌ದು.’ ಚಿಕ್ಕಮ್ಮನಿಗೆ ಸಿನಿಮಾ ಹೆಸರು ನೆನಪಿಲ್ಲ, ಆದರೆ ಹಾಡಿದ್ದು ಅಣ್ಣಾವ್ರೇ ಅನ್ನುವುದರಲ್ಲಿ ಅನುಮಾನ ಇಲ್ಲ, ನಾಯಕಿ ಮಂಜುಳಾ ಅನ್ನುವುದರಲ್ಲೂ ಇಲ್ಲ.

ಆಮೇಲೆ ಲಿಂಕುಗಳ ಮಳೆ. ಹಳೇ ಹಾಡಿನ ವಾದಕ್ಕೆ ಲಿಂಕಿನಷ್ಟು ಕೆಟ್ಟ ಸಾಕ್ಷಿ ಇನ್ನೊಂದಿಲ್ಲ. ವಿಡಿಯೋ ಹಾಕಿದವರು ತಮಗೆ ತೋಚಿದ ಹೆಸರು ಬರೆದಿರುತ್ತಾರೆ. ಅದನ್ನೇ ನೋಡಿ ಇನ್ನೊಬ್ಬರು ಬರೆಯುತ್ತಾರೆ. ಹತ್ತು ಕಡೆ ಒಂದೇ ಹೆಸರು ಕಂಡರೆ ಹತ್ತು ಸಾಕ್ಷಿ ಅಂತ ನಮಗೆ ಅನಿಸುತ್ತದೆ, ನಿಜವಾಗಿ ಅದು ಒಬ್ಬನೇ ಒಬ್ಬನ ಊಹೆಯ ಹತ್ತು ನಕಲು. ಇನ್ನೊಂದು ಗೊಂದಲ ಕ್ಯಾಸೆಟ್ಟಿನ ಕಾಲದಿಂದಲೂ ಇದೆ. ‘ಡಾ. ರಾಜ್ ಹಿಟ್ಸ್’ ಅಂತ ಮೇಲೆ ಬರೆದಿದ್ದರೆ ಅದು ರಾಜ್ ಹಾಡಿದ ಹಾಡುಗಳೂ ಆಗಿರಬಹುದು, ರಾಜ್ ತೆರೆಯ ಮೇಲೆ ತುಟಿ ಆಡಿಸಿದ ಹಾಡುಗಳೂ ಆಗಿರಬಹುದು. ಎರಡನ್ನೂ ಕಲಸಿ ಒಂದೇ ಕ್ಯಾಸೆಟ್ಟಿಗೆ ತುಂಬುತ್ತಿದ್ದರು. ಮುಖಪುಟದಲ್ಲಿ ರಾಜ್ ಮುಖ, ಒಳಗೆ ಅರ್ಧಕ್ಕರ್ಧ ಪಿ.ಬಿ.ಎಸ್. ದನಿ. ಅದನ್ನು ವರ್ಷಗಟ್ಟಲೆ ಕೇಳಿದವರಿಗೆ ಯಾವುದು ಯಾರದು ಅಂತ ಬಿಡಿಸಿ ಇಡೋದು ಕಷ್ಟವೇ.

ಇಷ್ಟೆಲ್ಲ ಆದ ಮೇಲೆ ಅತ್ತೆಯ ಸಂದೇಶ ಬಂತು. ನಮ್ಮ ಅತ್ತೆ ಗುಂಪಿನಲ್ಲಿ ಮಾತಾಡೋದು ಅಪರೂಪ. ಶುಭೋದಯದ ಹೂವನ್ನೂ ಕಳಿಸುವವರಲ್ಲ. ಅವರು ಬರೆದದ್ದು ಹೀಗಿತ್ತು:

‘ಸಂಪತ್ತಿಗೆ ಸವಾಲ್, 1974. ಹಾಡಿದ್ದು ರಾಜ್‌ಕುಮಾರ್. ಸಂಗೀತ ಜಿ.ಕೆ. ವೆಂಕಟೇಶ್, ಸಾಹಿತ್ಯ ಚಿ. ಉದಯಶಂಕರ್. ಅಣ್ಣ ಹೇಳೋದರಲ್ಲೂ ಅರ್ಧ ನಿಜ ಇದೆ. ಅದೇ ಸಿನಿಮಾದ “ರಾಜಾ ಮುದ್ದು ರಾಜಾ” ಹಾಡಿನಲ್ಲಿ ರಾಜ್‌ಗೆ ದನಿ ಕೊಟ್ಟಿದ್ದು ಪಿ.ಬಿ.ಎಸ್., ಜೊತೆಗೆ ಜಾನಕಿ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಅಪ್ಪು ಸಿನಿಮಾ 2012ರದ್ದು, ಹೆಸರು ಮಾತ್ರ ಈ ಹಾಡಿನಿಂದ ಹೋಗಿದ್ದು.’

ಅಲ್ಲಿಗೆ ವಾದ ನಿಂತಿತು. ನಾನು ಆ ಸಂದೇಶವನ್ನು ಮತ್ತೆ ಮತ್ತೆ ಓದಿದೆ. ನನಗೆ ಇಷ್ಟವಾದದ್ದು ಅದರಲ್ಲಿದ್ದ ಸರಿಯುತ್ತರ ಅಲ್ಲ. ಸರಿಯುತ್ತರ ಚಿಕ್ಕಮ್ಮನ ಹತ್ತಿರವೂ ಅರ್ಧ ಇತ್ತಲ್ಲ, ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ ಅಷ್ಟೆ. ಅತ್ತೆ ಸೋತವರ ತಪ್ಪು ಎಲ್ಲಿಂದ ಬಂತು ಅಂತಲೂ ಹೇಳಿದರು. ದೊಡ್ಡಪ್ಪ ಕೇಳಿದ್ದು ಸುಳ್ಳಲ್ಲ, ಆ ಸಿನಿಮಾದಲ್ಲಿ ಪಿ.ಬಿ.ಎಸ್. ದನಿ ಇದ್ದೇ ಇದೆ, ಬೇರೆ ಹಾಡಿನಲ್ಲಿ. ಇಷ್ಟು ಹೇಳಿದರೆ ಎದುರಿನವರಿಗೆ ಹಿಂದೆ ಸರಿಯೋಕೆ ಜಾಗ ಸಿಗುತ್ತದೆ. ಬರೀ ‘ತಪ್ಪು, ಅದು ರಾಜ್’ ಅಂದಿದ್ದರೆ ಇನ್ನೂ ಎರಡು ದಿನ ನಡೀತಿತ್ತು.

ಒಂದೇ ಸಿನಿಮಾ, ಒಬ್ಬನೇ ನಾಯಕ, ಎರಡು ದನಿ. ಈಗ ಯೋಚಿಸಿದರೆ ವಿಚಿತ್ರ ಅನಿಸುತ್ತದೆ, ಆದರೆ 1974 ಕನ್ನಡ ಸಿನಿಮಾ ಹಾಡಿಗೆ ಒಂದು ತಿರುವಿನ ವರ್ಷ. ಅಲ್ಲಿಯ ತನಕ ರಾಜ್ ಎಂದರೆ ಪಿ.ಬಿ.ಎಸ್. ಎಂಬಷ್ಟು ಇಬ್ಬರೂ ಬೆಸೆದುಕೊಂಡಿದ್ದರು. 1960ರ ‘ಭಕ್ತ ಕನಕದಾಸ’ದ ‘ಬಾಗಿಲನು ತೆರೆದು’ ಕೇಳಿದರೆ ಹಾಡುತ್ತಿರುವುದು ತೆರೆಯ ಮೇಲಿನ ಮನುಷ್ಯನೇ ಅಂತ ಯಾರಾದರೂ ನಂಬುತ್ತಾರೆ. ದೊಡ್ಡಪ್ಪನ ಬಾಯಲ್ಲಿ ಬಂದ ‘ಬಂಗಾರದ ಮನುಷ್ಯ’ 1972ರದ್ದು, ಅದರ ‘ಆಗದು ಎಂದು ಕೈಲಾಗದು ಎಂದು’, ‘ನಗುನಗುತಾ ನಲಿ ನಲಿ’ ಎರಡೂ ಪಿ.ಬಿ.ಎಸ್. ಹಾಡಿದ್ದೇ. ಅಲ್ಲೂ ಸಂಗೀತ ಜಿ.ಕೆ. ವೆಂಕಟೇಶ್, ಅಲ್ಲೂ ಹಳ್ಳಿ, ಅಲ್ಲೂ ಪಂಚೆ ಉಟ್ಟ ರಾಜ್. ದೊಡ್ಡಪ್ಪ ಸುಮ್ನೆ ಏನೋ ಹೇಳಲಿಲ್ಲ. ಅವರ ತಲೆಯಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಕಪಾಟಿನಲ್ಲಿ ಒಂದು ವಸ್ತು ಇನ್ನೊಂದಕ್ಕೆ ಹೋಗಿ ಕೂತಿತ್ತು, ಅಷ್ಟೆ.

ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ ‘ಸಂಪತ್ತಿಗೆ ಸವಾಲ್’ ಬರುವ ಹೊತ್ತಿಗೂ ರಾಜ್‌ಗೆ ಹಾಡುವವರು ಪಿ.ಬಿ.ಎಸ್. ಅನ್ನುವುದೇ ರೂಢಿ. ಎಮ್ಮೆ ಹಾಡಿಗೆ ಮಾತ್ರ ರಾಜ್ ತಾವೇ ಮೈಕಿನ ಮುಂದೆ ನಿಂತರು. ಅದು ಗೆದ್ದಿತು. ಮುಂದೆ ‘ಮಯೂರ’ದ ‘ಈ ಮೌನವ ತಾಳೆನು’, ‘ಪ್ರೇಮದ ಕಾಣಿಕೆ’ಯ ‘ಬಾನಿಗೊಂದು ಎಲ್ಲೆ ಎಲ್ಲಿದೆ’, ಹೀಗೆ ಅವರ ಹಾಡು ಅವರ ಬಾಯಿಗೇ ಬಂತು. ಇಲ್ಲಿ ಚಿಕ್ಕಮ್ಮ ಗೆದ್ದ ಖುಷಿಯಲ್ಲಿ ‘ಅಣ್ಣಾವ್ರು ಹಾಡಿದ ಮೊಟ್ಟಮೊದಲ ಹಾಡು ಇದು’ ಅಂತ ಒಂದು ಸಾಲು ಸೇರಿಸಿದರು. ಅದು ಸರಿಯಲ್ಲ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಎಸ್. ಜಾನಕಿ ಜೊತೆ ‘ತುಂಬಿತು ಮನವ’ ಹಾಡಿದ್ದಾರೆ, ಅದಕ್ಕೂ ಜಿ.ಕೆ. ವೆಂಕಟೇಶರದ್ದೇ ಸಂಗೀತ. ಹದಿನೈದು ವರ್ಷದ ಮೇಲೆ ಮತ್ತೆ ಅದೇ ಸಂಗೀತ ನಿರ್ದೇಶಕರ ಹತ್ತಿರ ಹಾಡಿದ್ದು ಎಂದರೆ ಚೆನ್ನಾಗಿರುತ್ತದೆ. ಚಿಕ್ಕಮ್ಮನಿಗೆ ಇದನ್ನು ಗುಂಪಿನಲ್ಲಿ ಹೇಳಲಿಲ್ಲ, ಅವರೊಬ್ಬರಿಗೇ ಕಳಿಸಿದೆ. ಗೆದ್ದ ದಿನವೇ ಎಲ್ಲರೆದುರು ತಿದ್ದಬಾರದು.

1974ರ ಮೇಲೆ ಪಿ.ಬಿ.ಎಸ್. ದನಿ ರಾಜ್ ಸಿನಿಮಾಗಳಿಂದ ಮಾಯವಾಯಿತು ಅಂತ ಲೆಕ್ಕ ಹಾಕಿದರೂ ಎಡವುತ್ತೀರಿ. ಅದೇ ವರ್ಷದ ‘ಭಕ್ತ ಕುಂಬಾರ’ದ ‘ಮಾನವ ಮೂಳೆ ಮಾಂಸದ ತಡಿಕೆ’ ಪಿ.ಬಿ.ಎಸ್. ಹಾಡಿದ್ದು, ‘ಎರಡು ಕನಸು’ ಸಿನಿಮಾದ ‘ಎಂದೆಂದೂ ನಿನ್ನನು ಮರೆತು’ ಕೂಡ ಅವರೇ, ವಾಣಿ ಜಯರಾಂ ಜೊತೆ. ಹಾಗಾಗಿ ಇಸವಿ ನೋಡಿ ಗಾಯಕರನ್ನು ಹೇಳುವ ಆಟ ಆ ವರ್ಷಕ್ಕೆ ನಡೆಯೋದಿಲ್ಲ. ಸಿನಿಮಾದ ಟೈಟಲ್ ಕಾರ್ಡೂ ಕೈಕೊಡುತ್ತದೆ. ಅದರಲ್ಲಿ ಹಿನ್ನೆಲೆ ಗಾಯನ ಅಂತ ಎಲ್ಲರ ಹೆಸರನ್ನೂ ಒಟ್ಟಿಗೆ ಹಾಕಿರುತ್ತಾರೆ, ಯಾವ ಹಾಡು ಯಾರದು ಅಂತ ಇರೋದಿಲ್ಲ. ದೊಡ್ಡಪ್ಪ ಕಾರ್ಡಿನ ಫೋಟೋ ತೆಗೆದು ಕಳಿಸಿದ್ದರೂ ವಾದ ಮುಗಿಯುತ್ತಿರಲಿಲ್ಲ, ಎರಡೂ ಕಡೆಯವರು ಅದನ್ನೇ ತೋರಿಸಿ ನೋಡಿ ಅನ್ನುತ್ತಿದ್ದರು. ನಂಬಬಹುದಾದದ್ದು ಹಳೇ ರೆಕಾರ್ಡಿನ ನಡುವೆ ಅಂಟಿಸಿದ ಲೇಬಲ್. ಅದರಲ್ಲಿ ಒಂದೊಂದು ಹಾಡಿಗೂ ಸಿನಿಮಾ, ಗಾಯಕರು, ಸಂಗೀತ ಅಂತ ಬೇರೆ ಬೇರೆಯಾಗಿ ಅಚ್ಚಾಗಿರುತ್ತದೆ. ರೇಡಿಯೋದಲ್ಲಿ ಪ್ರತಿ ಹಾಡಿಗೂ ಮುಂಚೆ ಈ ಹೆಸರುಗಳನ್ನೆಲ್ಲ ಓದುತ್ತಿದ್ದರು. ಚಿತ್ರಗೀತೆ ಕಾರ್ಯಕ್ರಮ ತಪ್ಪದೆ ಕೇಳಿದವರಿಗೆ ಹಾಡಿನ ಜೊತೆ ಈ ವಿವರವೂ ಬಾಯಿಪಾಠ. ಅತ್ತೆ ಆ ಪೈಕಿ. ಅವರ ಸಂದೇಶದ ಮೊದಲ ಮೂರು ವಾಕ್ಯ ಓದಿ ನೋಡಿ, ಉದ್ಘೋಷಕರು ಹೇಳಿದ ಹಾಗೇ ಇದೆ.

ಇನ್ನು ಕಿವಿಯ ಮಾತು. ಇಬ್ಬರ ದನಿಯಲ್ಲಿ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಅಂತ ಚಿಕ್ಕಮ್ಮನ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಪಿ.ಬಿ.ಎಸ್. ದನಿ ಮೆತ್ತಗೆ ಬರುತ್ತದೆ, ಸಾಲು ಮುಗಿಯುವಾಗ ಇನ್ನೂ ಮೆತ್ತಗಾಗುತ್ತದೆ, ಪಕ್ಕದಲ್ಲಿ ಕೂತು ಹೇಳುತ್ತಿರುವ ಹಾಗೆ. ರಾಜ್ ದನಿ ನಾಟಕ ಕಂಪನಿಯಲ್ಲಿ ಪಳಗಿದ್ದು. ಹಿಂದಿನ ಬೆಂಚಿನವರಿಗೂ ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು ಅನ್ನುವ ಅಭ್ಯಾಸ ಅದರಲ್ಲಿ ಇದೆ. ಎಮ್ಮೆ ಹಾಡಿನಲ್ಲಿ ಪದಗಳನ್ನು ಅವರು ಎಸೆಯುವ ರೀತಿ, ಮಧ್ಯೆ ಮಧ್ಯೆ ಹಾಕುವ ಕೂಗು, ಇವು ಹಾಡುಗಾರನಿಗಿಂತ ನಟನದ್ದು ಜಾಸ್ತಿ. ಅತ್ತೆ ಹೇಳಿದ ಹಾಗೆ ‘ರಾಜಾ ಮುದ್ದು ರಾಜಾ’ ಹಾಕಿಕೊಂಡು ತಕ್ಷಣ ಇದನ್ನು ಹಾಕಿದರೆ ಬೇರೆ ಪಾಠವೇ ಬೇಡ. ಅದೂ ಸಾಲದು ಅನಿಸಿದರೆ 1977ರ ‘ಬಭ್ರುವಾಹನ’ ಇದೆ. ‘ಯಾರು ತಿಳಿಯರು ನಿನ್ನ ಭುಜಬಲದ’ ಹಾಡಿನಲ್ಲಿ ಅಪ್ಪ ಮಗ ಇಬ್ಬರೂ ರಾಜ್, ಒಬ್ಬರಿಗೆ ಪಿ.ಬಿ.ಎಸ್. ದನಿ, ಇನ್ನೊಬ್ಬರಿಗೆ ರಾಜ್ ಅವರದ್ದೇ. ಮುಖ ಒಂದೇ ಆಗಿರೋದರಿಂದ ಕಣ್ಣು ಏನೂ ಸಹಾಯ ಮಾಡೋದಿಲ್ಲ, ಕಣ್ಣು ಮುಚ್ಚಿಕೊಂಡು ಕೇಳೋದೇ ವಾಸಿ. ಒಂದೇ ಹಾಡಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವಾಗ ಯಾವುದು ಯಾರದು ಅಂತ ಮೂರನೇ ಸಾಲಿಗೆಲ್ಲ ಗೊತ್ತಾಗುತ್ತದೆ.

ದೊಡ್ಡಪ್ಪ ಸೋಲೊಪ್ಪಿಕೊಂಡ ರೀತಿಯೂ ಚೆನ್ನಾಗಿತ್ತು. ‘ಸರಿ, ಸಂಪತ್ತಿಗೆ ಸವಾಲ್. ಅದು ಮೊದಲು ನಾಟಕ, ಪಿ.ಬಿ. ಧುತ್ತರಗಿ ಬರೆದಿದ್ದು. ನಾನು ಪಿ.ಬಿ. ಅಂದಿದ್ದು ಪೂರ್ತಿ ತಪ್ಪೇನಲ್ಲ’ ಎಂದು ಬರೆದರು. ಅತ್ತೆ ಇದಕ್ಕೆ ಒಂದು ನಗುವ ಮುಖ ಹಾಕಿದರು. ಆದರೆ ದೊಡ್ಡಪ್ಪ ಅಲ್ಲಿಗೇ ಬಿಡಲಿಲ್ಲ. ‘ಅಷ್ಟೆಲ್ಲ ಗೊತ್ತಿದ್ದರೆ ಬೇಡರ ಕಣ್ಣಪ್ಪದ “ಶಿವಪ್ಪ ಕಾಯೋ ತಂದೆ” ಯಾರದು ಹೇಳಿ’ ಅಂತ ಹೊಸ ಸವಾಲು ಹಾಕಿದರು. ಚಿಕ್ಕಮ್ಮ ‘ರಾಜ್’ ಎಂದರು. ಅವರ ಮಗ ಈಗ ತಾನೇ ಕಲಿತ ಧೈರ್ಯದಲ್ಲಿ ‘ಪಿ.ಬಿ.ಎಸ್.’ ಎಂದ. ‘ಇಬ್ಬರೂ ಅಲ್ಲ, ಸಿ.ಎಸ್. ಜಯರಾಮನ್’ ಎಂದು ದೊಡ್ಡಪ್ಪನೇ ಉತ್ತರ ಬರೆದು ಫೋನ್ ಪಕ್ಕಕ್ಕಿಟ್ಟರು. ಅದು ಸರಿಯಾದ ಉತ್ತರವೇ.