‘ನೋಡೂಣ್ರಿ’ ಅನ್ನೂ ಮುಂಚೆ

ನಮ್ಮ ಕಡೆ ಮಾತಿನ ಕೊನೆಗೆ ಒಂದು ‘ರಿ’ ಬಿದ್ದರೆ ಬೈಗುಳಕ್ಕೂ ಮರ್ಯಾದೆ ಬರುತ್ತದೆ. ‘ಹೊರಗ ನಡೀರಿ’ ಎಂದರೂ ಕೈಹಿಡಿದು ಬಾಗಿಲತನಕ ಬಿಟ್ಟುಬಂದಂತಿರುತ್ತದೆ. ಇಷ್ಟೆಲ್ಲ ಅನುಕೂಲವಿದ್ದರೂ ಬೆಳಗಾವಿಯ ಉದ್ಯಮಬಾಗದ ಮಷೀನ್ ಶಾಪುಗಳಲ್ಲಿ ‘ಆಗಂಗಿಲ್ರಿ’ ಎಂಬ ಮಾತು ಮಾತ್ರ ಸುಪರ್‌ವೈಸರನ ಗಂಟಲಿನಿಂದ ಸುಲಭಕ್ಕೆ ಹೊರಡುವುದಿಲ್ಲ. ಬದಲಿಗೆ ‘ನೋಡೂಣ್ರಿ’ ಬರುತ್ತದೆ. ಹೇಳಿದವನ ಮನಸ್ಸಿನಲ್ಲಿ ಅದರ ಅರ್ಥ, ಇದು ಆಗುವ ಮಾತಲ್ಲ ಎಂದು. ಕೇಳಿದ ಮ್ಯಾನೇಜರರ ಕಿವಿಗೆ ಅದು ಬೀಳುವುದು, ಒಪ್ಪಿಕೊಂಡ ಎಂದು. ಎರಡೂ ಅರ್ಥಗಳು ಮುಖಾಮುಖಿಯಾಗುವುದು ಶುಕ್ರವಾರ ಸಂಜೆ, ಲಾರಿ ಬುಕ್ ಆದ ಮೇಲೆ.

ಒಂದು ಸೋಮವಾರ ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ಮ್ಯಾನೇಜರ್ ಶಾಪಿನೊಳಗೆ ಬಂದು, ‘ಶನಿವಾರ ಸಂಜಿಗೆ ನಾಲ್ಕುನೂರು ವಾಲ್ವ್ ಬಾಡಿ ಲಾರಿ ಹತ್ತಬೇಕ್ರಿ’ ಎನ್ನುತ್ತಾರೆ. ಎರಕದ ಕಾಸ್ಟಿಂಗ್ ಇನ್ನೂ ಫೌಂಡ್ರಿಯಲ್ಲಿದೆ. ಸುತ್ತ ನಾಲ್ಕು ಜನ ಆಪರೇಟರುಗಳು ಕಿವಿ ಕೊಟ್ಟು ನಿಂತಿದ್ದಾರೆ. ಅಲ್ಲೇ ‘ಅದ್ಹೆಂಗ ಆಗ್ತೈತ್ರಿ’ ಎಂದರೆ ಮಾತು ಮುಗಿಯಿತು. ನಾಲ್ವರ ಎದುರಿಗೆ ಮ್ಯಾನೇಜರ್ ತಮ್ಮ ತಾರೀಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ‘ಊಟದ ಹೊತ್ತಿಗೆ ಲೆಕ್ಕ ಹಾಕಿ ಕ್ಯಾಬಿನ್‌ಗೆ ಬರ್ತೀನ್ರಿ ಸಾಹೇಬ್ರ’ ಎನ್ನುವುದೇ ಲೇಸು. ಇದರಲ್ಲಿ ಒಪ್ಪಿಗೆಯೂ ಇಲ್ಲ, ತಕರಾರೂ ಇಲ್ಲ. ಕೈಗೆ ಮೂರು ತಾಸು ಸಿಕ್ಕಿತು.

ಆ ಮೂರು ತಾಸಿನಲ್ಲಿ ಮಾಡುವ ಲೆಕ್ಕ ದೊಡ್ಡದಲ್ಲ. ಲೋಹ ಕೊರೆಯುವ ವಿಎಂಸಿ ಮಷೀನಿನ ಮೇಲೆ ಒಂದು ವಾಲ್ವ್ ಬಾಡಿಯ ಕಟಿಂಗ್ 9 ನಿಮಿಷ. ಬಿಚ್ಚಿ, ಚಿಪ್ಸ್ ಊದಿ, ಮುಂದಿನದನ್ನು ಬಿಗಿಯಲು 2 ನಿಮಿಷ. ಒಟ್ಟು 11. ಎಂಟು ತಾಸಿನ ಶಿಫ್ಟಿನ 480 ನಿಮಿಷದಲ್ಲಿ ಊಟ, ಎರಡು ಚಹಾ, ಟೂಲಿನ ತುದಿಯ ಸವೆದ ಇನ್ಸರ್ಟ್ ಬದಲಾವಣೆ, ನಡುನಡುವೆ ಗೇಜ್ ಹಾಕಿ ನೋಡುವುದು, ಎಲ್ಲ ಕಳೆದರೆ ಸುಮಾರು 400 ಉಳಿಯುತ್ತದೆ. ಹನ್ನೊಂದರಿಂದ ಭಾಗಿಸಿದರೆ 36. ಎರಡು ಶಿಫ್ಟಿಗೆ 72. ಇಲ್ಲಿ ಎಲ್ಲರೂ ಎಡವುವುದು 9 ನಿಮಿಷವನ್ನೇ ಹಿಡಿದು 480ನ್ನು ಭಾಗಿಸುವುದರಲ್ಲಿ. ಆಗ 53 ಬರುತ್ತದೆ. ಮ್ಯಾನೇಜರರ ನಾಲ್ಕುನೂರು ಹುಟ್ಟಿದ್ದೂ ಬಹುಶಃ ಆ 53ರಿಂದಲೇ.

ಇನ್ನು ದಿನಗಳು. ಕಾಸ್ಟಿಂಗ್ ಬರುವುದು ಮಂಗಳವಾರ ಮಧ್ಯಾಹ್ನ. ಬಾಡಿಯನ್ನು ಬಿಗಿಹಿಡಿಯುವ ಫಿಕ್ಸ್ಚರ್ ಕೂಡಿಸಿ, ಆಫ್‌ಸೆಟ್ ಹಾಕಿ, ಮೊದಲ ಪೀಸನ್ನು ಕ್ವಾಲಿಟಿಯವರಿಂದ ಪಾಸ್ ಮಾಡಿಸಿಕೊಳ್ಳುವಷ್ಟರಲ್ಲಿ ಅವತ್ತು ಮುಗಿಯುತ್ತದೆ. ಶನಿವಾರವನ್ನು ಅಂಚಿನ ಮುಳ್ಳು ತೆಗೆಯುವ ಡಿಬರಿಂಗ್, ತೊಳೆಯುವುದು, ಕೊನೆಯ ತಪಾಸಣೆ, ತುಕ್ಕು ಹಿಡಿಯದ ಹಾಗೆ ಎಣ್ಣೆ ಹಚ್ಚಿ ಪ್ಯಾಕ್ ಮಾಡುವುದಕ್ಕೆ ಬಿಡಬೇಕು. ನಡುವೆ ಉಳಿದವು ಮೂರು ದಿನ: 216 ಬಾಡಿ. ಎರಕದೊಳಗಿನ ಗಾಳಿಗುಳ್ಳೆ ಹೊರಗಿನಿಂದ ಕಾಣುವುದಿಲ್ಲ. ಟೂಲ್ ಒಳಹೊಕ್ಕ ಮೇಲೆಯೇ ಬಾಯಿ ಬಿಡುತ್ತದೆ. ಹಿಂದಿನ ಲಾಟುಗಳಲ್ಲಿ ನೂರಕ್ಕೆ ನಾಲ್ಕು ಹೀಗೆ ಹೋಗಿದ್ದರೆ, ಲಾರಿಗೆ ಸಿಗುವುದು 207. ಕೊಡುವ ಮಾತು 200.

ರಾತ್ರಿಪಾಳಿ ಹಾಕಿದರೆ? ದಿನಕ್ಕೆ 108, ಮೂರು ದಿನಕ್ಕೆ 324, ರಿಜೆಕ್ಷನ್ ಕಳೆದು 311. ಅಂದರೆ ಮೂರೂ ಪಾಳಿ ನಿದ್ದೆಗೆಟ್ಟರೂ ನಾಲ್ಕುನೂರು ಮುಟ್ಟುವುದಿಲ್ಲ. ಈ ಸಾಲು ಮುಖ್ಯ. ‘ನೀವು ಮನಸ್ಸು ಮಾಡಿದ್ರ ಆಗ್ತೈತಿ’ ಎಂಬ ಮಾತು ಬರುವ ಮೊದಲೇ, ಮನಸ್ಸು ಮಾಡಿದರೆ ಎಷ್ಟಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿ ತೋರಿಸಿದಂತಾಯಿತು. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಎಂಬುದು ಮ್ಯಾನೇಜರರಿಗೂ ಗೊತ್ತು. ಅದನ್ನು ಉಪದೇಶದ ದನಿಯಲ್ಲಿ ಹೇಳದೆ ಖರ್ಚಿನ ಅಂಕಿಯಾಗಿ ಬರೆದರೆ ಸಾಕು. ಮಚ್ಛೆ ಕಡೆಯ ಯಾವುದಾದರೂ ಶಾಪಿಗೆ ಜಾಬ್‌ವರ್ಕ್ ಕೊಡೋಣ ಎಂದಾರು. ಮಷೀನ್ ಸಿಕ್ಕೀತು, ಫಿಕ್ಸ್ಚರ್ ಇರುವುದು ಒಂದೇ. ಇನ್ನೊಂದು ಮಾಡಿಸುವಷ್ಟರಲ್ಲಿ ಮುಂದಿನ ಶನಿವಾರವೂ ದಾಟಿರುತ್ತದೆ.

ಕೆಲಸದಲ್ಲಿ ಎರಡು ಜಾತಿ. ಡಿಬರಿಂಗ್, ಪ್ಯಾಕಿಂಗ್ ಮುಂತಾದವು ಜನ ಹೆಚ್ಚಿದರೆ ಬೇಗ ಆಗುತ್ತವೆ. ಅಲ್ಲಿ ‘ಇಬ್ಬರನ್ನ ಕೊಡ್ರಿ, ಅರ್ಧ ದಿನ ಉಳಿಸ್ತೀನಿ’ ಎಂದು ತಾನಾಗಿಯೇ ಹೇಳುವುದು ಒಳ್ಳೆಯದು. ಸಹಕಾರ ಕಾಣುವುದು ಇಂಥ ಕಡೆಯೇ. ಇನ್ನೊಂದು ಜಾತಿಗೆ ಜನದ ಹಂಗಿಲ್ಲ. ಅಚ್ಚಿನಲ್ಲಿ ಹೊಯ್ದ ಕಬ್ಬಿಣ ಆರಲೇಬೇಕು. ಅವಸರಕ್ಕೆ ಬಿಸಿಯಿದ್ದಾಗಲೇ ಅಚ್ಚು ಒಡೆದು ತೆಗೆದರೆ ಹೊರಮೈ ಬೇಗ ತಣಿದು ಅಲ್ಲಲ್ಲಿ ಗಡುಸಾಗುತ್ತದೆ, ಒಳಗೆ ಎಳೆತ ಉಳಿಯುತ್ತದೆ. ಗಡುಸು ಜಾಗದಲ್ಲಿ ಇನ್ಸರ್ಟ್ ಮುರಿಯುತ್ತದೆ. ಎಳೆತ ಇನ್ನೂ ಕಪಟಿ: ಬೋರ್ ಮಾಡುವಾಗ ಸರಿಯಾಗಿದ್ದ ಅಳತೆ, ಬಿಚ್ಚಿ ಇಟ್ಟ ಮೇಲೆ ಸರಿದಿರುತ್ತದೆ. ಮಂಗಳವಾರ ಗಳಿಸಿದ ನಾಲ್ಕು ತಾಸನ್ನು ಗುರುವಾರ ಬಡ್ಡಿ ಸಮೇತ ಕಟ್ಟಬೇಕು. ಕುಂದಾದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರಿ ಜೋರು ಮಾಡಿದರೆ ಹಾಲು ಬೇಗ ಇಂಗುವ ಮೊದಲು ತಳ ಹತ್ತುತ್ತದೆ.

ಕ್ಯಾಬಿನ್ನಿಗೆ ಹೋದಾಗ ಈ ಲೆಕ್ಕವನ್ನೇ ಮೊದಲು ಬಿಚ್ಚಬಾರದು. ಮೊದಲು ಕೇಳಬೇಕಾದ್ದು, ‘ಶನಿವಾರ ಅಲ್ಲಿ ಏನೈತ್ರಿ ಸಾಹೇಬ್ರ?’ ಎಂದು. ಗಿರಾಕಿಯ ಅಸೆಂಬ್ಲಿ ಲೈನ್ ನಿಲ್ಲುತ್ತದೆಯೋ, ತಿಂಗಳ ಕೊನೆಯ ಬಿಲ್ಲಿಂಗೋ, ಇಲ್ಲಾ ಫೋನಿನಲ್ಲಿ ಬಾಯಿಗೆ ಬಂದ ವಾರವೋ? ಲೈನ್ ನಿಲ್ಲುವುದಾದರೆ ದಿನಕ್ಕೆ ಅವರು ಎಷ್ಟು ಬಾಡಿ ಜೋಡಿಸುತ್ತಾರೆ ಎಂದು ಕೇಳಿ. ನಲವತ್ತು ಎಂದರೆ, ಶನಿವಾರದ ಇನ್ನೂರು ಅವರಿಗೆ ಐದು ದಿನದ ಊಟ. ಬಿಲ್ಲಿಂಗ್ ಎಂದರೆ ಮಾತು ಬೇರೆ. ಅಲ್ಲಿ ರಾತ್ರಿಪಾಳಿಯ ಮುನ್ನೂರಕ್ಕೆ ಬೆಲೆ ಇದೆ. ಈ ಪ್ರಶ್ನೆಗೆ ಉತ್ತರ ಸಿಗುವ ತನಕ ನಾಲ್ಕುನೂರು ಎಂಬ ಅಂಕಿಯ ಜತೆ ಕುಸ್ತಿ ಹಿಡಿದು ಉಪಯೋಗವಿಲ್ಲ.

ಹೊರಬಂದ ಮೇಲೆ ಅವತ್ತೇ ಒಂದು ಮೆಸೇಜ್ ಹೋಗಬೇಕು. ಉದ್ದ ಬೇಡ:

‘ಸಾಹೇಬ್ರ, ಮಂಗಳವಾರ ಮಧ್ಯಾಹ್ನ 2ಕ್ಕ ಕಾಸ್ಟಿಂಗ್ ಬಂದ್ರ ಶನಿವಾರ 200 ಬಾಡಿ ಖಾತ್ರಿ, ಉಳಿದ 200 ಮುಂದಿನ ಬುಧವಾರ. ರಾತ್ರಿಪಾಳಿ ಕೊಟ್ರ ಶನಿವಾರ 300, ಉಳಿದ 100 ಮಂಗಳವಾರ. ಯಾವುದು ಮಾಡೂಣ್ರಿ? ನಾಳೆ 10ರ ಒಳಗ ಹೇಳಿದ್ರ ರಾತ್ರಿ ಆಪರೇಟರ್‌ಗ ತಿಳಿಸ್ತೀನಿ.’

ಇದರಲ್ಲಿ ‘ಆದರೆ’ ಎಂಬ ಶಬ್ದ ಇಲ್ಲದ್ದನ್ನು ಗಮನಿಸಿ. ‘ಜನ ಕಡಿಮಿ, ಕರೆಂಟ್ ಹೋಗ್ತೈತಿ, ಹೋದ ಸಲಾನೂ ಹಿಂಗ ಆತು’ ಎಂಬ ದೂರಿನ ಸರಮಾಲೆಯೂ ಇಲ್ಲ. ಹತ್ತು ಕಾರಣ ಕೊಟ್ಟರೆ ಕೇಳುವವರು ಅದರಲ್ಲಿ ಅತಿ ಸಣ್ಣದನ್ನು ಹಿಡಿದು ಬಿಡಿಸಿಕೊಟ್ಟು, ‘ಈಗ ಆತಲ್ಲ?’ ಎನ್ನುತ್ತಾರೆ. ಕಾಸ್ಟಿಂಗ್ ಬರುವ ಹೊತ್ತನ್ನು ಬರೆದದ್ದಕ್ಕೂ ಕಾರಣವಿದೆ: ಅದು ಬುಧವಾರಕ್ಕೆ ಜಾರಿದರೆ ಅವತ್ತೇ ಅದೇ ಮೆಸೇಜಿನ ಕೆಳಗೆ ‘ಶನಿವಾರದ ಲೆಕ್ಕ 200ರಿಂದ 135ಕ್ಕ ಇಳೀತೈತ್ರಿ’ ಎಂದು ಹಾಕಬಹುದು. ಶುಕ್ರವಾರ ಹೇಳಿದರೆ ಅದೇ ಸುದ್ದಿ ನೆವವಾಗುತ್ತದೆ.

ಮುನ್ನೂರು ಆಗುವಲ್ಲಿ ಇನ್ನೂರು ಎಂದು ಬಚ್ಚಿಟ್ಟುಕೊಳ್ಳುವ ಜಾಣತನವೂ ಚಾಲ್ತಿಯಲ್ಲಿದೆ. ಒಂದು ಸಲ ನಡೆಯುತ್ತದೆ. ಆಮೇಲೆ ಮ್ಯಾನೇಜರ್ ನೀವು ಹೇಳಿದ ಪ್ರತಿ ಅಂಕಿಗೂ ಅದರ ಅರ್ಧದಷ್ಟು ಸೇರಿಸಿಯೇ ಗಿರಾಕಿಗೆ ಹೇಳಲು ಕಲಿಯುತ್ತಾರೆ, ಆಗ ನಿಜವಾದ ಇನ್ನೂರಕ್ಕೂ ಗಿರಾಕಿ ಇಲ್ಲದಂತಾಗುತ್ತದೆ.

ಎಲ್ಲ ಮುಗಿದು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಒಂದು ದನಿ ಬರುವುದುಂಟು: ‘ಆತು, ಇನ್ನೂರ ಮಾಡ್ರಿ. ಆದ್ರೂ ಎರಡನೂರಾ ಐವತ್ತ್ ಆಗ್ತಾವೇನ್ ನೋಡ್ರಿ.’ ಬಾಯಿಗೆ ಥಟ್ಟನೆ ಬರುವ ಉತ್ತರ ‘ನೋಡೂಣ್ರಿ’. ಅದನ್ನು ನುಂಗಿ, ತಿರುಗಿ ನಿಂತು, ‘ಇನ್ನೂರ್ ಏಳ್ ಆದ್ರ ಇನ್ನೂರ್ ಏಳ್ ಕಳಸ್ತೀವ್ರಿ’ ಎನ್ನಬೇಕು.