ಅಂಜಲ್ ಬದಲು ಬೂತಾಯಿ

“ಐದು ತಿಂಗಳ ಬಸುರಿ. ಅತ್ತೆ ವಾರಕ್ಕೆರಡು ಸಲ ಅಂಜಲ್ ತರಿಸುತ್ತಾರೆ. ಪಾದರಸದ ಭಯ, ಮೀನನ್ನೇ ಬಿಡಲೇ?”

ಬಿಡಬೇಡಿ ತಂಗಿ, ಮೀನನ್ನು ಬದಲಿಸಿ. ಅಂಜಲ್ ಬೇರೆ ಮೀನುಗಳನ್ನು ತಿಂದು ವರ್ಷಗಟ್ಟಲೆ ಬೆಳೆಯುತ್ತದೆ. ಅವುಗಳ ಪಾದರಸವೆಲ್ಲ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ಹುಣಸೆಹುಳಿಯಲ್ಲಿ ತೊಳೆದರೂ ಕಾವಲಿಯಲ್ಲಿ ಹುರಿದರೂ ಅದು ಹೋಗದು. ಶಾರ್ಕ್ ಕೂಡ ಹಾಗೆಯೇ. ಬೂತಾಯಿ ಪುಟ್ಟ ಮೀನು, ನೀರಿನ ಸೂಕ್ಷ್ಮಜೀವಿಗಳನ್ನು ತಿಂದು ಬದುಕುತ್ತದೆ, ಆಯುಸ್ಸೂ ಕಡಿಮೆ. ಹಾಗಾಗಿ ಪಾದರಸ ಅತಿ ಕಡಿಮೆ, ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಧಾರಾಳ. ನಮ್ಮ ಬಂಗುಡೆಯೂ ಆದೀತು. ವಾರಕ್ಕೆ ಎರಡು ಮೂರು ಊಟ, ಪ್ರತಿ ಸಲ ಅಂಗೈಯಷ್ಟು, ಅಂದರೆ ಸುಮಾರು 110 ಗ್ರಾಂ ಸಾಕು. ಮುಳ್ಳಿನ ಪಕ್ಕದ ಮಾಂಸವೂ ಬೆಳ್ಳಗಾಗಿ ಬಿಡಿಬಿಡಿಯಾಗುವಂತೆ ಬೇಯಿಸಿ. ಈವರೆಗೆ ತಿಂದ ಅಂಜಲ್‌ಗೆ ಹೆದರಬೇಡಿ, ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತಿಳಿಸಿ.